ಯುಗಾದಿಯ ಬಿಳಿ ಚೌಕ

ಗುಂಡ್ಲುಪೇಟೆಯ ಕಂಟ್ರಾಕ್ಟರ್ ಸೋಮಶೇಖರನ ಹೆಂಡತಿ ಶಶಿರೇಖಾ, ಗಂಡ ಕಟ್ಟಿಸುತ್ತಿದ್ದ ಮನೆಯೊಂದರ ಕೆಲಸವನ್ನೆಲ್ಲ ಎಕ್ಸೆಲ್ ಶೀಟಿಗೆ ಇಳಿಸುತ್ತಿದ್ದಳು. ಶುರುವಾಗುವ ತಾರೀಖಿಗೊಂದು ಕಾಲಮ್, ಎಷ್ಟು ದಿನ ಎಂಬುದಕ್ಕೊಂದು, ಯಾವ ಕೆಲಸ ಮುಗಿದ ಮೇಲೆ ಎಂಬುದಕ್ಕೊಂದು. ಪಕ್ಕದಲ್ಲಿ ದಿನಕ್ಕೊಂದು ಚೌಕದಂತೆ ಪ್ರತಿ ಕೆಲಸಕ್ಕೂ ಬಣ್ಣದ ಪಟ್ಟಿ. ತಾರಸಿಯ ಮೋಲ್ಡ್ ಹಾಕಿದ ಮೇಲೆ ನೀರುಣಿಸುವ ಕ್ಯೂರಿಂಗ್, ಅದಾದ ಮೇಲೆ ಅಡಿಯಲ್ಲಿ ಆನಿಸಿದ ಸೆಂಟ್ರಿಂಗ್ ಹಲಗೆ ಬಿಚ್ಚುವುದು, ಆಮೇಲೆ ಗಾರೆ. ಮೇಲಿನದು ಜರುಗಿದರೆ ಅದನ್ನು ನೆಚ್ಚಿದ ಬಣ್ಣದ ಪಟ್ಟಿಗಳೆಲ್ಲ ತಾವಾಗಿ ಜರುಗುತ್ತಿದ್ದವು. ಆ ಖುಷಿಯಲ್ಲಿ, ರಜೆ ಬಿಟ್ಟು ದಿನ ಎಣಿಸುವ ಸೂತ್ರವನ್ನು ಎಲ್ಲ ಸಾಲಿಗೂ ಎಳೆದುಬಿಟ್ಟಳು. ಕ್ಯೂರಿಂಗ್ ಪಟ್ಟಿಯ ನಡುವೆ ಯುಗಾದಿಯ ಚೌಕ ರಜೆಯೆಂದು ಬೆಳ್ಳಗಾಯಿತು.

ಆ ಬಿಳುಪು ನೋಡಿದ್ದೇ ತೀರಿಹೋದ ಮಾವ ದೊಡ್ಡಮಲ್ಲಪ್ಪ ಕಣ್ಣಿಗೆ ಕಟ್ಟಿದರು. ಅವಳು ಮದುವೆಯಾಗಿ ಬಂದ ಮೊದಲ ಯುಗಾದಿ. ಎಣ್ಣೆ ಹಚ್ಚಿಕೊಂಡ ಮೈಯಲ್ಲೇ ಮಾವ ಯಾರದೋ ಮನೆಯ ಮೋಲ್ಡ್ ಹತ್ತಿ, ಪೈಪ್ ಹಿಡಿದು ನೀರು ಬಿಡುತ್ತಾ ನಿಂತಿದ್ದರು. ಕರೆಯಲು ಹೋದವಳಿಗೆ, "ನಮಗೆ ಹಬ್ಬ ಕಣವ್ವ, ಸಿಮೆಂಟ್‌ಗೆ ಎಲ್ಲಿ ಹಬ್ಬ? ಒಣಗಕ್ಕೆ ಬುಟ್ರೆ ಬಿರುಕು ಬುಡ್ತದೆ" ಎಂದು ನಕ್ಕಿದ್ದರು. ಅವಳು ಒಯ್ದಿದ್ದ ಬೇವು-ಬೆಲ್ಲ ಅಲ್ಲೇ ತಿಂದಿದ್ದರು.

ಶಶಿರೇಖಾ ಆ ಒಂದು ಸಾಲಿನ ಸೂತ್ರ ಅಳಿಸಿ, ರಜೆ ನೋಡದೆ ಬರಿಯ ದಿನ ಕೂಡಿಸುವ ಹಾಗೆ ಮಾಡಿದಳು. ಬಿಳಿ ಚೌಕ ಬಣ್ಣ ತುಂಬಿಕೊಂಡಿತು.

ಹಿಂದೆ ನಿಂತು ನೋಡುತ್ತಿದ್ದ ಸೋಮಶೇಖರ ರೇಗಿದ. "ಹಬ್ಬದ ದಿನ ಯಾವ ಆಳು ಬತ್ತಾನೆ? ನೀರು ಬುಡೋರು ಯಾರು?"

"ನಿಮ್ಮಪ್ಪ ಆಳಿಗೆ ಕಾಯ್ತಿದ್ರಾ?"

ಅವನು ಒಳಗೆ ನಡೆದ. ಸ್ವಲ್ಪ ಹೊತ್ತಿಗೆ ಅಟ್ಟಕ್ಕೆ ಏಣಿ ಆನಿಸಿದ ಸದ್ದಾಯಿತು. ಸುರುಳಿ ಸುತ್ತಿಟ್ಟಿದ್ದ ಅಪ್ಪನ ಪೈಪು ದೂಳಿನೊಡನೆ ಕೆಳಗಿಳಿದು ಬಂತು.