ಅತ್ತೆಯ ಪಾಸ್‌ಪೋರ್ಟ್ ಮತ್ತು ಹಾಕಿದ ಬಾಗಿಲು

ಹುನಗುಂದದ ಕೋರ್ಟಿನಲ್ಲಿ ನಾನು ಟೈಪಿಸ್ಟ್. ದಿನವಿಡೀ ಊರವರ ಜಗಳ ಟೈಪು ಮಾಡಿ ನನಗೂ ಜಗಳದ ಚಟ ಹತ್ತಿದೆ. ಅತ್ತೆಯ ಪಾಸ್‌ಪೋರ್ಟ್ ಬರದಿದ್ದಾಗ ವೀಸಾ ಕೇಂದ್ರಕ್ಕೆ ನಾನು ಬರೆದ ಮೊದಲ ದೂರು ಮೂರು ಪುಟ ಇತ್ತು. ‘ನಿರ್ಲಕ್ಷ್ಯ’ ಅನ್ನುವ ಪದವೇ ಐದು ಸಲ.

ಸಿಟ್ಟು ಸುಮ್ಮನೆ ಬಂದದ್ದಲ್ಲ. ಇಳಕಲ್ಲಿನ ನಮ್ಮ ಮನೆಯಲ್ಲಿ ಸೊಸೆಯಾಗಿ ಬಂದಾಗಿನಿಂದ ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೇಯ್ದ ಅತ್ತೆಯನ್ನು ಪರದೇಶದ ಕೈಮಗ್ಗ ಮೇಳವೊಂದಕ್ಕೆ ನೇಯ್ದು ತೋರಿಸಲು ಕರೆದಿದ್ದರು. ಬೆಂಗಳೂರಿಗೆ ಹೋಗಿ ವೀಸಾ ಅರ್ಜಿ ಕೊಟ್ಟು, ಪಾಸ್‌ಪೋರ್ಟ್ ಕೊರಿಯರ್‌ನಲ್ಲಿ ಕಳಿಸಿ ಎಂದು ಬರೆದುಕೊಟ್ಟು ಬಂದಿದ್ದೆವು. ವಿಮಾನಕ್ಕೆ ಹನ್ನೆರಡು ದಿನ ಉಳಿದಿದ್ದಾಗ ಟ್ರ್ಯಾಕಿಂಗ್‌ನಲ್ಲಿ ಮೂರು ದಿನ ಸಾಲಾಗಿ ‘ಬಾಗಿಲು ಹಾಕಿದೆ’ ಎಂದು ಬಂತು. ಆಮೇಲೆ ‘ವಾಪಸ್ ಕಳಿಸಲಾಗಿದೆ’. ಅಲ್ಲಿಂದ ಮುಂದೆ ಸುದ್ದಿಯೇ ಇಲ್ಲ. ಕೇಂದ್ರಕ್ಕೆ ಫೋನ್ ಹಚ್ಚಿದರೆ ಕೊರಿಯರ್‌ನವರನ್ನು ಕೇಳಿ ಅಂದರು.

ಕೊರಿಯರ್ ಆಫೀಸಿಗೆ ಕೇಳಲು ಹೋದೆ. ಜಗಳಕ್ಕೇ ಹೋದೆ ಅನ್ನಿ.

“ಅಕ್ಕಾರ, ಮೂರೂ ದಿನ ಬಂದೀನ್ರಿ. ಬಾಗಿಲಾ ಬಡದೆ, ಫೋನ್ ಹಚ್ಚಿದೆ, ಯಾರೂ ಓ ಅನ್ನಲಿಲ್ರಿ,” ಅಂದ ಕೊರಿಯರ್‌ನವ.

“ಸುಳ್ಳ ಹೇಳಬ್ಯಾಡ. ಹಗಲೆಲ್ಲಾ ಮನ್ಯಾಗ ಜನಾ ಇರ್ತಾರ.”

ಮನೆಗೆ ಬಂದು ಆ ಮೂರು ಪುಟದ ದೂರು ಬರೆದು, ಕಳಿಸುವ ಮೊದಲು ಅತ್ತೆಗೆ ಓದಿ ಹೇಳಿದೆ. ಅವರು ಲಾಳಿ ಕೆಳಗಿಟ್ಟು ತಮ್ಮ ಫೋನ್ ತಂದು ನನ್ನ ಕೈಗೆ ಕೊಟ್ಟರು. ಕೊರಿಯರ್‌ನವನ ನಂಬರಿನಿಂದ ಏಳು ಕರೆ, ಒಂದನ್ನೂ ಎತ್ತಿಲ್ಲ.

“ಮಗ್ಗ ನಡೆದಾಗ ಬಾಗಿಲಾ ಬಡದ್ರ ನಮಗ ಕೇಳತೈತೇನ? ಓಣ್ಯಾಗಿನವರೆಲ್ಲಾ ಹಿತ್ತಲಾಗಿಂದ ಬರ್ತಾರ. ದನಾ ಬರ್ತಾವಂತ ಮುಂದಿನ ಬಾಗಿಲಕ್ಕ ನಾನ ಚಿಲಕಾ ಹಾಕಿರತೇನಿ. ಅದನ್ನೂ ಬರಿ.”

“ನಮ್ಮ ತಪ್ಪು ನಾವ ಬರದ್ರ ಅವರು ಕೈ ತೊಳಕೋತಾರ್ರಿ ಅತ್ತಿ.”

“ತೊಳಕೊಳ್ಳಲಿ. ನನಗ ಪಾಸ್‌ಪೋರ್ಟ್ ಬೇಕವಾ, ಜಗಳ ಅಲ್ಲ.”

ನನಗೆ ನಾಚಿಕೆಯಾಯಿತು. ಹೊಸ ದೂರು ಒಂದೇ ಪುಟ: ಅರ್ಜಿ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ಕೊರಿಯರ್ ಸಂಖ್ಯೆ, ಹೊರಡುವ ದಿನ, ಜೊತೆಗೆ ರಸೀದಿಯ ಪ್ರತಿ. ಮಗ್ಗದ ಸದ್ದಿನಲ್ಲಿ ಕರೆ ಕೇಳಲಿಲ್ಲ, ಇನ್ನು ಮುಂದೆ ನನ್ನ ನಂಬರಿಗೆ ಫೋನ್ ಮಾಡಿ ಎಂದು ಬರೆದೆ. ಲಕೋಟೆ ಎಲ್ಲಿದೆ ಹುಡುಕಿಕೊಡಿ, ಮತ್ತೆ ಕಳಿಸಿ, ಇಲ್ಲವಾದರೆ ನಾವೇ ಬಂದು ಒಯ್ಯುತ್ತೇವೆ.

ಮೂರನೆಯ ದಿನ ಉತ್ತರ ಬಂತು. ಲಕೋಟೆ ಕೇಂದ್ರಕ್ಕೇ ಮರಳಿತ್ತು, ಭದ್ರವಾಗಿತ್ತು. ಮತ್ತೆ ಕಳಿಸುತ್ತೇವೆ ಅಂದರು.

ಅದು ಬರುವ ದಿನ ರಜೆ ಹಾಕಿದೆ. ಹನ್ನೊಂದಕ್ಕೆ ಹೊರಗೆ ಬಂದು ನೋಡಿದರೆ ಓಣಿಗೆ ಓಣಿಯೇ ಸುಮ್ಮನಿದೆ. ಅತ್ತೆ ಬೆಳಿಗ್ಗೆಯೇ ಮನೆಮನೆಗೆ ಹೋಗಿ “ಇವತ್ತೊಂದೀಟು ಮಗ್ಗ ನಿಂದರಸ್ರಿ” ಎಂದು ಹೇಳಿ ಬಂದಿದ್ದರಂತೆ. ದಿನದ ಕೂಲಿಯ ಜನ, ಒಬ್ಬರೂ ಇಲ್ಲವೆಂದಿರಲಿಲ್ಲ. ಚಿಲಕ ತೆಗೆದೇ ಇತ್ತು. ಆದರೂ ಬಾಗಿಲು ಮುಂದಕ್ಕೆ ಮಾಡಿಕೊಂಡು ಅತ್ತೆ ಒಳಗೆ ಕೂತಿದ್ದರು.

ಕೊರಿಯರ್‌ನವ ಬಂದು ಮೆಲ್ಲಗೆ ಎರಡು ಸಲ ಬಡಿದ. ಮದುವೆಯಾಗಿ ಹದಿನಾರು ವರ್ಷ, ನಮ್ಮ ಬಾಗಿಲು ಬಡಿಯುವ ಸದ್ದು ಅವತ್ತೇ ಮೊದಲು ಕೇಳಿದ್ದು. ನಾನು ಏಳುವಷ್ಟರಲ್ಲಿ ಅತ್ತೆ ಆಧಾರ್ ಕಾರ್ಡ್ ಹಿಡಿದು ಹೊಸ್ತಿಲು ಮುಟ್ಟಿದ್ದರು.

“ಕೇಳಿಸ್ತಪಾ,” ಅಂದರು, “ಈ ಸಲ ಕೇಳಿಸ್ತು.”