ಅರ್ಧ ಇಂಚು ಒಳಗೆ

ನನ್ನ ತಂಗಿ ಗಂಡನ ಮನೆಗೆ ಹೋದಮೇಲೆ ಬಾಯಿಬಿಟ್ಟು ಕೇಳಿದ ಮೊದಲನೇ ಮಾತು ನನ್ನ ಸಲುವಾಗಿ ಆಗಿತ್ತು. ಅದಕ್ಕೇ ಆ ಎರಡು ದಿನ ನಾನು ಇವತ್ತಿಗೂ ಮರೆತಿಲ್ಲ.

ಎಂಬತ್ತರ ದಶಕದ ನಡುಮಧ್ಯ. ನಾನು ಕೊಯಮತ್ತೂರಿನ ಹತ್ತಿರದ ಕಿಣತ್ತುಕಡವಿನವನು. ಬಾವಿಗೆ ಪಂಪು ಇಳಿಸೋದು, ಪೈಪ್ ಜೋಡಿಸೋದು ಮೊದಲಿಂದ ಕಲಿತ ಕೆಲಸ. ಆಮೇಲೆ ಕೊಯಮತ್ತೂರಿನ ಮನೆಗಳಲ್ಲಿ ನಲ್ಲಿ, ಬೇಸಿನ್ ಅಂತ ಒಳಗಿನ ಕೆಲಸಕ್ಕೂ ಕೈ ಹಾಕಿದ್ದೆ. ತಂಗಿಯನ್ನು ಕೊಟ್ಟಿದ್ದು ತಿರುಪ್ಪೂರಿಗೆ. ಮನೆಯೊಳಗೆ ನಮ್ಮ ಹಾಗೇ ಕನ್ನಡ ಆಡೋ ಜನ, ಹಿಂದೆ ಮಗ್ಗ ಇತ್ತು, ಈಗ ಬನಿಯನ್ ಕಂಪನಿ. ಕೈ ತುಂಬ ಕಾಸು ಬಂದು ಊರಾಚೆ ಹೊಸ ಮನೆ ಕಟ್ಟಿಸುತ್ತಿದ್ದರು. ಅವಳ ಮಾವ, ಅಂದರೆ ನಮ್ಮ ಬೀಗರು, ನೂಲಿನ ವ್ಯವಹಾರಕ್ಕೆ ಬೊಂಬಾಯಿಗೆ ಹೋದಾಗ ಹೋಟೆಲಿನಲ್ಲಿ ಕಲ್ಲಿನ ಹಲಗೆಯೊಳಗೆ ಕೂರಿಸಿದ ಮೊಟ್ಟೆಯಾಕಾರದ ಬೇಸಿನ್ ನೋಡಿ ಮರುಳಾಗಿ ಒಂದನ್ನು ರೈಲಿನಲ್ಲಿ ಹೊತ್ತು ತಂದಿದ್ದರು. ಪೆಟ್ಟಿಗೆ ಭಾರ ಅಂತ ಬಿಸಾಕಿ, ಬೇಸಿನನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದಿದ್ದರು. ತೂತು ಎಷ್ಟು ಕೊರೀಬೇಕು ಅಂತ ಅಳತೆ ಬರೆದ ಕಾಗದ ಆ ಪೆಟ್ಟಿಗೆಯೊಳಗೇ ಉಳಿದುಹೋಯಿತು.

ಕೂರಿಸೋಕೆ ಕೊಯಮತ್ತೂರಿನಿಂದ ದೊಡ್ಡ ಕೆಲಸದವರನ್ನು ಕರೆಸಬೇಕು ಅಂತ ಬೀಗರ ಯೋಚನೆ. ಮದುವೆಯಾಗಿ ಎಂಟು ತಿಂಗಳಾಗಿದ್ದರೂ ಆ ಮನೆಯಲ್ಲಿ ತಲೆ ಎತ್ತಿ ಮಾತಾಡದಿದ್ದ ನನ್ನ ತಂಗಿ, ಅಡುಗೆಮನೆ ಬಾಗಿಲಲ್ಲಿ ನಿಂತು, ನಮ್ಮಣ್ಣ ಮಾಡ್ತಾನೆ ಮಾವ ಅಂದುಬಿಟ್ಟಳಂತೆ. ಬಾವಿಯವನಿಗೆ ಬೇಸಿನ್ ಏನು ಗೊತ್ತು ಅಂತ ಅವರು ನಕ್ಕರಂತೆ. ಕೆಟ್ಟರೆ ನಾನು ಜವಾಬ್ದಾರಿ ಅಂದಳಂತೆ ಇವಳು. ಇದೆಲ್ಲ ಅವಳೇ ಬಸ್ ಸ್ಟ್ಯಾಂಡಿನಿಂದ ನನ್ನನ್ನು ಕರಕೊಂಡು ಹೋಗುವಾಗ ಹೇಳಿದ್ದು. ಹುಚ್ಚು ಹುಡುಗಿ, ಹಾಗೆಲ್ಲ ಮಾತು ಕೊಡ್ತಾರೇನೆ ಅಂತ ಬೈದೆ. ಒಳಗೊಳಗೆ ಉಬ್ಬಿಯೂ ಹೋದೆ, ಸುಳ್ಳು ಯಾಕೆ.

ನಾನು ಹೋದ ಮಾರನೇ ದಿನ ಬಿಟ್ಟು ಅದರ ಮಾರನೇ ದಿನ ಬೆಳಗ್ಗೆ ಗೃಹಪ್ರವೇಶದ ಹಾಲು ಉಕ್ಕಿಸೋ ಶಾಸ್ತ್ರ. ಅಷ್ಟರೊಳಗೆ ಬೇಸಿನಿನಲ್ಲಿ ನೀರು ಹರೀಬೇಕು. ಮೂರೂವರೆ ಅಡಿಯ ಕಡಪ ಕಲ್ಲಿನ ಹಲಗೆಯನ್ನು ಬೀಗರೇ ಆರಿಸಿ ಕನ್ನಡಿಯ ಹಾಗೆ ಪಾಲಿಶ್ ಮಾಡಿಸಿದ್ದರು. ಇದ್ದಿದ್ದು ಅದೊಂದೇ.

ಈ ತರದ ಬೇಸಿನ್ನಿಗೆ ಸುತ್ತ ಒಂದು ಅಂಚು ಇರುತ್ತೆ. ಆ ಅಂಚು ಕಲ್ಲಿನ ಮೇಲೆ ಕೂತು ಬೇಸಿನನ್ನು ಹಿಡಿಯಬೇಕು, ಬಟ್ಟಲು ಮಾತ್ರ ತೂತಿನಲ್ಲಿ ಇಳಿಯಬೇಕು. ಅದಕ್ಕೆ ನಾವು ಬೇಸಿನನ್ನು ಕಲ್ಲಿನ ಮೇಲೆ ಕವುಚಿ ಹಾಕಿ, ಅಂಚಿನ ಸುತ್ತ ಗೀಟು ಎಳೆದು, ಆ ಗೀಟಿನಿಂದ ಅರ್ಧ ಇಂಚು ಒಳಗೆ ಇನ್ನೊಂದು ಗೀಟು ಹಾಕುತ್ತೇವೆ. ಕೊರೆಯೋದು ಒಳಗಿನ ಗೀಟನ್ನು. ಇಷ್ಟೇ ವಿದ್ಯೆ.

ನಾನು ಬೇಸಿನನ್ನು ಕವುಚಲು ಎತ್ತಿದೆ, ತಂಗಿಯ ಅತ್ತೆ ಓಡಿ ಬಂದರು. ಹಾಲು ಉಕ್ಕೋಕೆ ಮುಂಚೆ ಹೊಸ ಮನೆಯೊಳಗೆ ನೀರಿನ ಪಾತ್ರೆ ಕವುಚಿ ಹಾಕಬಾರದು, ಪಾಳು ಬಿದ್ದ ಮನೆಯಲ್ಲಿ ಹಾಗೆ ಮಾಡೋದು ಅಂದರು. ಇದು ಪಾತ್ರೆಯಲ್ಲ ಅತ್ತೆ, ಬೇಸಿನ್ ಅಂದೆ. ಇದರಲ್ಲಿ ನೀರು ನಿಲ್ಲುತ್ತೋ ಇಲ್ಲವೋ ಅಂದರು. ತಂಗಿ ಅವರ ಹಿಂದೆ ನಿಂತು ಕಣ್ಣಲ್ಲೇ ಬೇಡಿಕೊಂಡಳು. ಸರಿ ಅಂದೆ. ಬೇಸಿನನ್ನು ನೆಟ್ಟಗೇ ಇಟ್ಟು, ತಂಗಿಯ ಕೈಲಿ ಅಲುಗದ ಹಾಗೆ ಹಿಡಿಸಿ, ಅಂಚಿನಿಂದ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು, ಅದು ಮುಟ್ಟಿದ ಕಡೆಯೆಲ್ಲ ಕಲ್ಲಿನ ಮೇಲೆ ಸೀಮೆಸುಣ್ಣದ ಚುಕ್ಕಿ ಇಟ್ಟು, ಚುಕ್ಕಿ ಸೇರಿಸಿ ಗೀಟು ಎಳೆದೆ. ತುಂಬಾ ಚೆನ್ನಾಗಿ ಬಂತು. ಅದು ಹೊರಗಿನ ಗೀಟು.

ಅಷ್ಟರಲ್ಲಿ ಬೀಗರು ಬಂದು ನಲ್ಲಿ ತೂತಿನ ಮಾತು ತೆಗೆದರು. ನಲ್ಲಿ ಗೋಡೆಗೆ ಒತ್ತಿಕೊಂಡಿರಲಿ, ನೋಡೋಕೆ ಚೆಂದ ಅಂತ ಅವರು. ಗೋಡೆಗೆ ಒತ್ತಿದರೆ ಕೆಳಗಡೆ ನಟ್ಟು ಬಿಗಿಯೋಕೆ ಸ್ಪ್ಯಾನರ್ ತಿರುಗಲ್ಲ, ನೀರೂ ಬಟ್ಟಲಿಗೆ ಬೀಳದೆ ಅಂಚಿನ ಮೇಲೆ ಬೀಳುತ್ತೆ ಮಾವ ಅಂತ ನಾನು. ಬಾವಿಯವರ ಬುದ್ಧಿ ಅಂತ ಏನೋ ಅಂದರು. ನನಗೆ ಉರಿದುಹೋಯಿತು. ನಲ್ಲಿಯನ್ನು ಅಲ್ಲೇ ಹಿಡಿದು, ಅದರ ಮೂತಿಯ ಉದ್ದ ಅಳೆದು ತೋರಿಸಿ, ಅಂಚಿನಿಂದ ಎರಡು ಇಂಚು ಹಿಂದೆ ಗುರುತು ಹಾಕಿ ಒಪ್ಪಿಸಿದೆ. ಗೆದ್ದೆ. ಆ ಗೆದ್ದ ಸೊಕ್ಕಿನಲ್ಲೇ ಉಳಿ ತಗೊಂಡು ಕೂತೆ. ಕಲ್ಲಿನ ಮೇಲಿದ್ದದ್ದು ಒಂದೇ ಗೀಟು. ಅದನ್ನೇ ಕೊರೆದೆ.

ಮಧ್ಯಾಹ್ನಕ್ಕೆ ತೂತು ಆಯಿತು, ನಲ್ಲಿ ತೂತೂ ಆಯಿತು. ಮನೆ ಕಟ್ಟುತ್ತಿದ್ದ ಕೊತ್ತನಾರ್, ಅಂದರೆ ಗಾರೆ ಮೇಸ್ತ್ರಿ, ಬಂದು ನನ್ನ ಜೊತೆ ಹಲಗೆಯನ್ನು ಎತ್ತಿ ಎರಡು ಇಟ್ಟಿಗೆ ಕಂಬದ ಮೇಲೆ ಗಾರೆ ಹಾಕಿ ಕೂರಿಸಿ ಅವತ್ತಿನ ಕೆಲಸ ಮುಗಿಸಿ ಹೋದ. ಬೀಗರು ಕಂಪನಿಗೆ, ಅತ್ತೆ ಪೂಜೆ ಸಾಮಾನಿಗೆ. ನಾನು ಬೇಸಿನನ್ನು ಎರಡೂ ಕೈಲಿ ಹಿಡಿದು ತೂತಿನೊಳಗೆ ಇಳಿಸಿದೆ. ಅಂಚು ಕಲ್ಲಿಗೆ ತಾಗಿ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ಇಳೀತಾನೇ ಹೋಯಿತು. ಒಳಗಡೆಯಿಂದ ಬೆರಳು ಒತ್ತಿ ಹಿಡಿಯದೇ ಇದ್ದಿದ್ದರೆ ನೆಲಕ್ಕೆ ಬಿದ್ದು ಚೂರಾಗುತ್ತಿತ್ತು.

ಬೇಸಿನನ್ನು ಮೇಲೆತ್ತಿ ನೆಲದ ಮೇಲೆ ಇಟ್ಟೆ. ಇಪ್ಪತ್ತು ಬೇಸಿನ್ ಕೂರಿಸಿದವನು ನಾನು, ನಿನ್ನೆ ಮೊನ್ನೆ ಕೆಲಸಕ್ಕೆ ಬಂದವನೂ ಮಾಡದ ತಪ್ಪು ಮಾಡಿದ್ದೆ. ಕಡಿಮೆ ಕೊರೆದಿದ್ದರೆ ಇನ್ನೂ ಕೊರೆಯಬಹುದಿತ್ತು. ಜಾಸ್ತಿ ಕೊರೆದ ಕಲ್ಲನ್ನು ಯಾರು ಬೆಳೆಸಿಕೊಡ್ತಾರೆ. ತಂಗಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಗೋಡೆ ಹಿಡಿದುಕೊಂಡು ಮೆಲ್ಲಗೆ ನೆಲಕ್ಕೆ ಕೂತಳು. ಅದು ನೋಡಿ ನನಗೆ ಅಲ್ಲೇ ಸತ್ತುಹೋಗಬಾರದಾ ಅನ್ನಿಸಿತು.

ಬೀಗರ ಕಾಲಿಗೆ ಬೀಳ್ತೀನಿ, ನನ್ನ ತಪ್ಪು ಅಂತೀನಿ ಅಂದೆ. ಅವಳು ತಲೆ ಅಲ್ಲಾಡಿಸಿದಳು.

"ನೀನು ಕಾಲಿಗೆ ಬಿದ್ದು ಬಸ್ ಹತ್ತಿ ಹೋಗ್ತೀಯ ಅಣ್ಣಾ. ಇಲ್ಲಿ ಇರೋಳು ನಾನು."

ಬಿಳಿ ಸಿಮೆಂಟ್ ಮೆತ್ತಿ ನಿಲ್ಲಿಸೋಣ ಅನ್ನಿಸಿತು. ತುಂಬಿದ ಬೇಸಿನ್ನಿನ ಭಾರ ಅದು ನಾಲ್ಕು ದಿನವೂ ತಡೆಯಲ್ಲ. ಕೊನೆಗೆ ಅಡುಗೆಮನೆಯಲ್ಲಿ ಅಟ್ಟಕ್ಕೆ ಹಾಕಿ ಮಿಕ್ಕ ಕಡಪ ತುಂಡುಗಳು ಕಣ್ಣಿಗೆ ಬಿದ್ದವು. ಮೇಲಿನ ಕಲ್ಲು ಹಿಡಿಯದಿದ್ದರೆ ಕೆಳಗೆ ಇನ್ನೊಂದು ಕಲ್ಲು ಹಿಡಿಯಲಿ. ಎರಡು ತುಂಡು ತೆಗೆದು, ಒಂದೊಂದರಲ್ಲೂ ಅರ್ಧ ಮೊಟ್ಟೆಯ ಹಾಗೆ ಕೊರೆದೆ, ಈ ಸಲ ಅರ್ಧ ಇಂಚು ಒಳಗೆ, ಮೂರು ಸಲ ಅಳೆದು. ಎರಡೂ ಸೇರಿದರೆ ಹಲಗೆಯ ಕೆಳಗೆ ಒಂದು ಸುತ್ತು. ಬೇಸಿನ್ನಿನ ಅಂಚು ಮೇಲಿನ ತೂತಿನೊಳಗೆ ಇಳಿದು ಅದರ ಮೇಲೆ ಕೂರುತ್ತೆ.

ಅಲ್ಲೂ ಒಂದು ಕಂಟಕ. ಕಲ್ಲು ಎರಡು ಪದರ ಆದರೆ ನಲ್ಲಿಯ ತಿರುಪಿನ ಬುಡ ಕೆಳಗೆ ಸಾಕಷ್ಟು ಇಳಿಯಲ್ಲ, ನಟ್ಟು ಹಿಡಿದರೂ ನೀರಿನ ಪೈಪ್ ಹತ್ತಲ್ಲ. ನಲ್ಲಿ ಬರೋ ಜಾಗದಲ್ಲಿ ಕೆಳಗಿನ ತುಂಡುಗಳನ್ನು ಸ್ಪ್ಯಾನರ್ ಆಡುವಷ್ಟು ಅಗಲಕ್ಕೆ ಕಚ್ಚು ಹಾಕಿ ತೆಗೆದೆ. ಎರಡು ಆಂಗಲ್ ಕಬ್ಬಿಣ ಹಿಂದೊಂದು ಮುಂದೊಂದು ಕಂಬದಿಂದ ಕಂಬಕ್ಕೆ ಕೊಟ್ಟು, ತುಂಡುಗಳನ್ನು ಅದರ ಮೇಲೆ ಸರಿಸಿ, ಸಿಮೆಂಟ್ ಮೆತ್ತಿ ಮೇಲಕ್ಕೆ ಒತ್ತಬೇಕು. ನನಗೆ ಇರೋದು ಎರಡೇ ಕೈ. ತಂಗಿ ಸೆರಗು ಸಿಕ್ಕಿಸಿಕೊಂಡು ಹಲಗೆಯ ಕೆಳಗೆ ನುಸುಳಿ ಕುಕ್ಕರಗಾಲಲ್ಲಿ ಕೂತಳು. ಅಂಗೈಗಳ ಮೇಲೆ ಕಲ್ಲು ತಗೊಂಡಳು. ಕೈ ಸೋತಾಗ ತಲೆ ಕೊಟ್ಟಳು. ಸಿಮೆಂಟ್ ನೀರು ಅವಳ ಕೂದಲಿಂದ ಕತ್ತಿಗೆ ಇಳೀತಿತ್ತು. ನಾನು ಆಂಗಲ್ ಕೆಳಗೆ ಇಟ್ಟಿಗೆ ಚೂರು ಬಡಿದು ಬಿಗಿ ಮಾಡಿದೆ. ಸಾಯಂಕಾಲ ಬೀಗರ ಸ್ಕೂಟರ್ ಸದ್ದು ಕೇಳೋ ಹೊತ್ತಿಗೆ ಅವಳು ಬಚ್ಚಲಲ್ಲಿ ತಲೆ ತೊಳೀತಿದ್ದಳು. ನಾನು ಹಲಗೆಯ ಮೇಲೆ ಗೋಣಿ ಹೊದಿಸಿ, ಸಿಮೆಂಟ್ ಒಣಗಬೇಕು, ನಾಳೆ ನೋಡಿ ಅಂದೆ.

ಆ ರಾತ್ರಿ ನನಗೆ ನಿದ್ದೆ ಇಲ್ಲ. ಬೆಳಗ್ಗೆ ಮೊದಲು ವೇಸ್ಟ್, ಅಂದರೆ ಬೇಸಿನ್ನಿನ ತಳದಿಂದ ನೀರು ಹೋಗೋ ಕೊಳವೆ, ಹಾಕಿದೆ. ಅದರ ಬಾಯಿಗೆ ಪುಟ್ಟಿ ಸುತ್ತಿ, ಬೇಸಿನ್ ತುಂಬಿದಾಗ ಮೇಲ್ತೂತಿನಿಂದ ನೀರು ಇಳಿಯೋ ದಾರಿಗೆ ಅದರ ಪಕ್ಕದ ಸೀಳು ಹೊಂದಿಸಿ, ಕೆಳಗಿಂದ ರಬ್ಬರ್ ವಾಶರ್, ನಟ್ಟು. ಅಂಚಿನ ಕೆಳಗೆ ಬಿಳಿ ಸಿಮೆಂಟ್ ಹಾಕಿ ಬೇಸಿನ್ ಇಳಿಸಿದೆ. ಕೂತಿತು. ಸುತ್ತಲ ಸಂದು ತುಂಬಿ ಬಟ್ಟೆಯಲ್ಲಿ ಒರೆಸಿದೆ. ಬೇಸಿನ್ ಮುಕ್ಕಾಲು ಇಂಚು ಕೆಳಗಿಳಿದಿದ್ದರಿಂದ ವೇಸ್ಟಿನ ಕೆಳಗೆ ಸಿಕ್ಕಿಸೋ ಬಾಟಲ್ ಟ್ರಾಪಿನ ಮೇಲಿನ ಕೊಳವೆಯನ್ನು ಅಷ್ಟೇ ಗರಗಸದಲ್ಲಿ ಕತ್ತರಿಸಬೇಕಾಯಿತು, ಇಲ್ಲದಿದ್ದರೆ ಗೋಡೆಯ ಪೈಪಿಗೆ ನೀರು ಮೇಲಕ್ಕೆ ಹತ್ತಿ ಹೋಗಬೇಕಿತ್ತು. ನಲ್ಲಿ ಬಿಗಿದು ನೀರು ಜೋಡಿಸಿದೆ. ಸಂದು ಗಟ್ಟಿಯಾಗಲಿ ಅಂತ ಸಾಯಂಕಾಲದವರೆಗೆ ಮುಟ್ಟಲಿಲ್ಲ. ಆಮೇಲೆ ಬಿರಡೆ ಹಾಕಿ ಮೇಲ್ತೂತಿನವರೆಗೆ ತುಂಬಿಸಿ, ಕೆಳಗೆ ಮಲಗಿ ಒಂದೊಂದು ನಟ್ಟಿಗೂ ಒಣ ಬೆರಳು ಸವರಿದೆ. ತಂಗಿ ಪಕ್ಕದಲ್ಲಿ ಕೂತು ನನ್ನ ಬೆರಳನ್ನೇ ನೋಡ್ತಿದ್ದಳು. ಒಂದು ಹನಿಯೂ ಇರಲಿಲ್ಲ.

ಹಾಲು ಉಕ್ಕಿಸಿದ ದಿನ ಬೀಗರು ನೆಂಟರನ್ನೆಲ್ಲ ಕರೆದು ತೋರಿಸಿದರು. ಬೊಂಬಾಯಿಯಲ್ಲಿ ಅಂಚು ಕಲ್ಲಿನ ಮೇಲೆ ಎದ್ದುಕೊಂಡಿತ್ತು, ಇಲ್ಲಿ ನೋಡಿ ಕಲ್ಲಿನೊಳಗೇ ಇಳಿಸಿದ್ದೀವಿ, ನಾನೇ ಹೇಳಿ ಮಾಡಿಸಿದ್ದು ಅಂದರು. ನನ್ನ ಬೆನ್ನು ತಟ್ಟಿದರು. ಮಹಡಿಯ ಮೇಲೂ ಇಂಥದ್ದೇ ಒಂದು, ನೀನೇ ಬರಬೇಕು ಅಂದರು. ನಾಚಿಕೆಗೆಟ್ಟವನು ನಾನು, ನನಗೆ ಹೆಮ್ಮೆ ಆಯಿತು. ಬರ್ತೀನಿ ಮಾವ ಅಂದೆ.

ಹೊರಡೋವಾಗ ತಂಗಿ ಗೇಟಿನವರೆಗೆ ಬಂದಳು. ಮಹಡಿಯ ಕೆಲಸದ ವಿಷಯ ಹೇಳಿದೆ, ಗೆದ್ದುಬಿಟ್ಟೆವಲ್ಲ ಅಂತ ನಕ್ಕೆ. ಅವಳ ಅಂಗೈ ಎರಡೂ ಸಿಮೆಂಟಿಗೆ ಬೆಂದು ಸಿಪ್ಪೆ ಎದ್ದಿದ್ದವು. ಬಂದವರಿಗೆ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

"ಅಣ್ಣಾ, ಇನ್ನು ಈ ಮನೆಗೆ ಊಟಕ್ಕೆ ಬಾ," ಅಂದಳು. "ಸಾಮಾನು ಚೀಲ ತರಬೇಡ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಮಹಡಿಯ ಬೇಸಿನ್ನಿಗೆ ಕೊಯಮತ್ತೂರಿನವರು ಬಂದರು. ನನಗೆ ಬೆನ್ನು ನೋವು ಅಂತ ಬೀಗರಿಗೆ ತಂಗಿಯೇ ಹೇಳಿದಳಂತೆ.