ಗುಂಡ್ಲುಪೇಟೆಯಲ್ಲಿ ಕೊಂಡ ಅಡಾಪ್ಟರ್

ಮಕ್ಕಳೇ, ನನ್ನ ಅಕ್ಕ, ಅಂದರೆ ನಿಮ್ಮ ದೊಡ್ಡಜ್ಜಿ, ಚಾಮರಾಜನಗರದ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳ ಒಂದು ಸಂಗತಿಯನ್ನು ಬರೆಯುತ್ತಿದ್ದೇನೆ. ಆಗ ಅವಳಿಗೆ ಕಿವಿ ಬಹಳ ಮಂದವಾಗಿತ್ತು. ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್ ಹಾಕಿ ಸದ್ದು ಜೋರು ಮಾಡಿದರೆ ಮಾತ್ರ ಕೇಳುತ್ತಿತ್ತು. ಉಳಿದಂತೆ ಎದುರಿನವರ ತುಟಿ ನೋಡಿ ತಿಳಿಯುತ್ತಿದ್ದಳು.

ಅವಳ ಮಗಳು ಮುನಿಸಿಕೊಂಡು ಹೋಗಿ ಹಲವು ವರ್ಷಗಳಾಗಿದ್ದವು. ‘ಒಮ್ಮೆ ಬಂದು ನೋಡು’ ಎಂದು ನಾನೇ ಫೋನು ಮಾಡಿದ್ದೆ. ಅವಳು ನನ್ನ ಫೋನಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿ, ‘ಅವ್ವುಂಗೇ ಕೇಳುಸು, ನೀ ಕೇಳಬ್ಯಾಡ’ ಎಂದಳು. ನಾನು ಕೇಳಲಿಲ್ಲ.

ನನ್ನ ಫೋನಿನಲ್ಲಿ ಹೆಡ್‌ಫೋನಿನ ದುಂಡು ತೂತಿರಲಿಲ್ಲ, ಚಾರ್ಜಿನ ತೂತೊಂದೇ. ಗುಂಡ್ಲುಪೇಟೆ ಬಸ್ ನಿಲ್ದಾಣದ ಬಳಿಯ ಅಂಗಡಿಯವನು ಆ ತೂತಿಗೆ ಹೆಡ್‌ಫೋನ್ ಜೋಡಿಸುವ, ಒಂದು ಗೇಣುದ್ದವೂ ಇಲ್ಲದ ಅಡಾಪ್ಟರ್ ತೆಗೆದ. ಅದನ್ನು ತನ್ನ ಫೋನಿಗೆ ಸಿಕ್ಕಿಸಿ, ನಾನು ತಂದಿದ್ದ ಅಕ್ಕನ ಹೆಡ್‌ಫೋನಿನಲ್ಲಿ ಹಾಡು ಕೇಳಿಸಿದ.

‘ಎಂಗದೆ? ಎಲ್ಲಿ, ನಿನ್ ಫೋನ್ ಕೊಡವ್ವ, ಅದ್ಕೂ ಹಾಕ್ ನೋಡನ.’

ಫೋನು ರವಿಕೆಯೊಳಗಿತ್ತು. ಸುತ್ತ ಗಂಡಸರು. ನಾಚಿಕೆಯಾಗಿ, ‘ಬುಡಪ್ಪ, ಸರಿಯಾಗದೆ’ ಎಂದು ಬಸ್ಸು ಹತ್ತಿದೆ.

ವಾರ್ಡಿನಲ್ಲಿ ಅಕ್ಕನ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಪೂರ್ತಿ ಏರಿಸಿ ಒತ್ತಿದೆ. ಅಡಾಪ್ಟರ್ ಸಿಕ್ಕಿಸಿದ್ದು ಫೋನಿಗೆ ತಿಳಿದೇ ಇರಲಿಲ್ಲ. ಮಾತು ಫೋನಿನ ಸ್ಪೀಕರಿನಿಂದಲೇ ಹೊರಟು ಇಡೀ ವಾರ್ಡಿಗೆ ಕೇಳಿತು.

‘ಅವ್ವ, ನಾ ಬರಾಕಿಲ್ಲ. ನೀ ಸತ್ರೂ ಬರಾಕಿಲ್ಲ. ಕಾಯಬ್ಯಾಡ.’

ನಿಲ್ಲಿಸಲು ತಡಕಾಡುವಷ್ಟರಲ್ಲಿ ಅದು ಮುಗಿದೇ ಹೋಗಿತ್ತು. ಪಕ್ಕದ ಮಂಚದ ಹೆಂಗಸು ಮೆಲ್ಲಗೆ, ‘ನಿಮ್ಮಕ್ಕುನ್ನ ಬುಟ್ಟು ಎಲ್ಲಾರ್ಗೂ ಕೇಳ್ತು ಕಣಮ್ಮ’ ಎಂದಳು.

ಅಕ್ಕ ಎರಡೂ ಕೈಯಲ್ಲಿ ಹೆಡ್‌ಫೋನ್ ಒತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ‘ಏನೂ ಕೇಳ್ನಿಲ್ವಲ್ಲೇ. ಏನಂದ್ಳು?’

‘ಬತ್ತಾಳಂತೆ’ ಎಂದುಬಿಟ್ಟೆ.

‘ಅವಳ್ ಬಾಯಿಂದ್ಲೇ ಕೇಳ್ಬೇಕು ಕಣೆ. ಸರಿ ಮಾಡ್ಸ್ಕೊಂಡು ಬಾ.’

ಮರುದಿನ ಚಾಮರಾಜನಗರದ ಅಂಗಡಿಯೊಂದಕ್ಕೆ ಹೋಗಿ, ಗೋಡೆಯ ಕಡೆ ತಿರುಗಿ ಫೋನು ತೆಗೆದು, ಅಡಾಪ್ಟರ್ ಸಮೇತ ಕೊಟ್ಟೆ.

‘ಇದ್ರೊಳ್ಗೆ ಬರೀ ತಂತಿ ಕಣವ್ವ’ ಎಂದ ಅಂಗಡಿಯವನು. ‘ಕೆಲವು ಫೋನು ಹೆಡ್‌ಫೋನಿಗೆ ಬೇಕಾದ ಸದ್ದನ್ನ ತಾವೇ ಈ ತೂತಿಂದ ಕಳುಸ್ತವೆ. ಅವಕ್ಕೆ ಇದು ಸಾಕು. ನಿಂದು ಡಿಜಿಟಲ್ ಸಿಗ್ನಲ್ ಮಾತ್ರ ಕಳುಸ್ತದೆ. ಅದನ್ನ ಸದ್ದು ಮಾಡಾಕೆ ಅಡಾಪ್ಟರ್ ಒಳಗೇ ಚಿಪ್ ಇರ್ಬೇಕು. ನೋಡಾಕೆ ಎರಡೂ ಒಂದೇ ತರ.’

ಚಿಪ್ ಇದ್ದದ್ದನ್ನು ಹಾಕಿಸಿ, ಅಂಗಡಿಯವನ ಹೆಡ್‌ಫೋನಿನಲ್ಲಿ ಅಲ್ಲೇ ನಿಂತು ಕೇಳಿದೆ. ‘ಕಾಯಬ್ಯಾಡ’ ಅನ್ನುವವರೆಗೂ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿತು.

ವಾರ್ಡಿಗೆ ಬಂದಾಗ ಅಕ್ಕ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದಳು. ನಾನು ಏನನ್ನೂ ಒತ್ತಲಿಲ್ಲ. ‘ಇದ್ರಲ್ಲೂ ಸದ್ದು ಬತ್ತಿಲ್ಲ ಕಣಕ್ಕ’ ಎಂದೆ.

‘ಓಗ್ಲಿ ಬುಡು’ ಎಂದಳು. ‘ಹೆಂಗೂ ಬತ್ತಾಳಲ್ಲ, ಎದ್ರುಗೇ ಮಾತಾಡ್ತೀನಿ.’

ಮೂರು ದಿನ ಬದುಕಿದ್ದಳು. ಯಾರಾದರೂ ಒಳಗೆ ಬಂದಾಗಲೆಲ್ಲ ತಲೆಯೆತ್ತಿ ಬಾಗಿಲು ನೋಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದ ವಾರ್ಡಿನ ಹೆಂಗಸರೂ ಅವಳ ಜೊತೆಗೆ ಬಾಗಿಲು ನೋಡುತ್ತಿದ್ದರು.